512 ಜಿಬಿ ಕಾರ್ಡಿನಲ್ಲಿ ಮೂರನೇ ಗೇಮ್ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ, ಬದಿಯಡ್ಕದಿಂದ: ಮಗನ ನಿಂಟೆಂಡೊ ಸ್ವಿಚ್‌ಗೆ ಪೇಟೆಯ ಅಂಗಡಿಯಿಂದ 512 ಜಿಬಿ ಕಾರ್ಡ್ ತಂದೆ, 700 ರೂಪಾಯಿ. ಎರಡು ಗೇಮ್ ಚೆನ್ನಾಗಿ ಓಡಿತು. ಮೂರನೆಯದು ಡೌನ್‌ಲೋಡ್ ಆಯಿತು, ಆದರೆ ತೆರೆದರೆ ಡೇಟಾ ಹಾಳಾಗಿದೆ ಅನ್ನುತ್ತದೆ. ಸ್ಪೀಡ್ ಕಮ್ಮಿಯ ಕಾರ್ಡಾ? ಯಾವುದು ತರಬೇಕು?

ಉಪ್ಪಳ: ಸ್ಪೀಡೇ ಅಕ್ಕ. 200 ಎಂಬಿ ಅಂತ ಬರೆದ ಕಾರ್ಡ್ ತನ್ನಿ, ಸರಿಯಾಗ್ತದೆ.

ಕುಂಬಳೆ (ಮೊಬೈಲ್, ಕಂಪ್ಯೂಟರ್ ರಿಪೇರಿ): ಅಕ್ಕ, ಸ್ಪೀಡ್ ಕಮ್ಮಿಯಾದರೆ ಗೇಮ್ ತೆರೆಯಲು ತಡವಾಗುತ್ತದೆ, ಡೇಟಾ ಹಾಳಾಗುವುದಿಲ್ಲ. ನನಗೆ ಅನುಮಾನ ಕಾರ್ಡಿನ ಅಳತೆಯ ಮೇಲೆ. ಇಂಥ ಕಾರ್ಡಿನ ಒಳಗೆ ಚಿಕ್ಕ ಮೆಮೊರಿ ಇರುತ್ತದೆ. ಅದನ್ನು ನಡೆಸುವ ಕಂಟ್ರೋಲರ್ ಚಿಪ್ಪಿಗೆ ಮಾತ್ರ "ಯಾರು ಕೇಳಿದರೂ 512 ಅನ್ನು" ಎಂದು ಕಲಿಸಿರುತ್ತಾರೆ. ಹತ್ತು ಚೀಲ ಅಡಿಕೆ ಹಿಡಿಯುವ ಕೋಣೆಗೆ ನೂರು ಚೀಲದ ಬೋರ್ಡ್ ಹಾಕಿದ ಹಾಗೆ. ನಿಜವಾದ ಜಾಗ ಮುಗಿಯುವವರೆಗೆ ಎಲ್ಲ ಸರಿ. ಆಮೇಲೆ ಬರೆದದ್ದು ಎಲ್ಲಿಗೂ ಹೋಗುವುದಿಲ್ಲ, ಅಥವಾ ಮೊದಲು ಬರೆದದ್ದರ ಮೇಲೆಯೇ ಕೂರುತ್ತದೆ.

ಮಂಜೇಶ್ವರ: ಕಂಪ್ಯೂಟರಿಗೆ ಹಾಕಿ ಪ್ರಾಪರ್ಟೀಸ್ ನೋಡಿದರೆ ಗೊತ್ತಾಗುತ್ತದಲ್ವಾ? 512ರ ಬದಲು 476 ತೋರಿಸಿದರೆ ನಕಲಿ.

ಕುಂಬಳೆ: ಅಲ್ಲ ಅಣ್ಣ, ಅಸಲಿ ಕಾರ್ಡೂ ವಿಂಡೋಸ್‌ನಲ್ಲಿ 476 ಅಂತಲೇ ತೋರಿಸುತ್ತದೆ. ತಯಾರಿಸುವವರು ಸಾವಿರದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರ ಲೆಕ್ಕ, ಅಷ್ಟೇ. ನಕಲಿಯೂ ಅದನ್ನೇ ತೋರಿಸುತ್ತದೆ, ಹಾಗಾಗಿ ಆ ಸಂಖ್ಯೆಯಿಂದ ಏನೂ ತಿಳಿಯದು. ಫೈಲಿನ ಹೆಸರು ಕಂಡರೂ ನಂಬಬೇಡಿ. ಹೆಸರುಗಳ ಪಟ್ಟಿ ಇರುವುದು ಕಾರ್ಡಿನ ಶುರುವಿನಲ್ಲಿ, ಅದು ನಿಜವಾದ ಜಾಗ. ಒಳಗಿನ ಡೇಟಾ ಮಾತ್ರ ಇರುವುದಿಲ್ಲ.

ಬರೆದು, ತಿರುಗಿ ಓದಿ ನೋಡುವುದೇ ದಾರಿ. ವಿಂಡೋಸ್‌ಗೆ `H2testw` ಅಂತ ಉಚಿತ ಪ್ರೋಗ್ರಾಂ ಇದೆ. ಅಕ್ಕ, ಮೊದಲು ಕಂಪ್ಯೂಟರಿನಲ್ಲಿ ಕಾರ್ಡನ್ನು `exFAT` ಫಾರ್ಮ್ಯಾಟ್ ಮಾಡಿ. ಅದರಲ್ಲಿರುವ ಗೇಮ್ ಹೋಗುತ್ತದೆ, ಆದರೆ ಮಗ ಆಡಿ ಮುಟ್ಟಿದ ಹಂತಗಳು ಸ್ವಿಚ್‌ನ ಒಳಗಿನ ಮೆಮೊರಿಯಲ್ಲಿರುತ್ತವೆ, ಅವು ಉಳಿಯುತ್ತವೆ. ಆಮೇಲೆ ಪ್ರೋಗ್ರಾಂನಲ್ಲಿ `only` ಎಂಬ ಕಡೆ 70000 ಹಾಕಿ `Write + Verify` ಒತ್ತಿ. ಇಡೀ ಕಾರ್ಡ್ ಪರೀಕ್ಷೆಗೆ ಒಂದು ರಾತ್ರಿಯೇ ಬೇಕಾದೀತು. ನನ್ನ ಬೆಂಚಿಗೆ ಬಂದ ನಕಲಿಗಳಲ್ಲಿ 32 ಇಲ್ಲವೇ 64 ಜಿಬಿಯವೇ ಜಾಸ್ತಿ, ಅವು ಇಷ್ಟರಲ್ಲೇ ಸಿಕ್ಕಿಬೀಳುತ್ತವೆ. ಇದರಲ್ಲಿ ಪಾಸಾದರೆ ಮಾತ್ರ ಪೂರ್ತಿ ಪರೀಕ್ಷೆ ಮಾಡಿ.

ನೀರ್ಚಾಲು: ನಮ್ಮ ಅಂಗಳದ ಕ್ಯಾಮರಾದ ಕಾರ್ಡ್ ಆರು ತಿಂಗಳಿಗೊಮ್ಮೆ ಕೈಕೊಡುತ್ತದೆ. ಅದೂ ನಕಲಿಯಾ?

ಕುಂಬಳೆ: ನಿಮ್ಮದು ಬೇರೆ ಇರಬಹುದು ಅಣ್ಣ. ಕ್ಯಾಮರಾ ಹಗಲು ರಾತ್ರಿ ಬರೆಯುತ್ತಲೇ ಇರುತ್ತದೆ, ಸಾಮಾನ್ಯ ಕಾರ್ಡ್ ಸವೆದುಹೋಗುತ್ತದೆ. ಅದಕ್ಕೆ ಎಂಡ್ಯೂರೆನ್ಸ್ ಅಂತ ಬರೆದ ಕಾರ್ಡ್ ಬರುತ್ತದೆ. ಆದರೂ ಒಮ್ಮೆ ಪರೀಕ್ಷಿಸಿ.

ಬದಿಯಡ್ಕ: ಮಾಡಿದೆ. ಬರೆಯಲಿಕ್ಕೇ ಎರಡು ಗಂಟೆ ಹಿಡಿಯಿತು. ಬಂದದ್ದು ಹೀಗೆ:

```
The media is likely to be defective.
29.1 GByte OK
39.2 GByte DATA LOST
```

ಕುಂಬಳೆ: ಅಂದರೆ ಒಳಗಿರುವುದು 32 ಜಿಬಿ ಮೆಮೊರಿ. ಮೊದಲ ಎರಡು ಗೇಮ್ 29ರ ಒಳಗೆ ಕೂತವು, ಮೂರನೆಯದು ಹೊರಗೆ ಬಿತ್ತು. ಮತ್ತೆ ಫಾರ್ಮ್ಯಾಟ್ ಮಾಡಿ ಪ್ರಯೋಜನವಿಲ್ಲ, ಮಗನ ಫೋಟೊಗಳನ್ನಂತೂ ಅದಕ್ಕೆ ಹಾಕಬೇಡಿ. ಈ ಸಾಲುಗಳ ಫೋಟೊ, ಬಿಲ್ ಹಿಡಿದು ಅಂಗಡಿಗೆ ಹೋಗಿ.

ಇನ್ನು ಹೊಸತು. ಸ್ವಿಚ್‌ನ ಸ್ಲಾಟ್ ಯುಎಚ್‌ಎಸ್-1, ಕಾಗದದ ಮೇಲೆಯೇ ಅದರ ಮಿತಿ ಸೆಕೆಂಡಿಗೆ 104 ಎಂಬಿ. ಉಪ್ಪಳದ ತಮ್ಮ ಹೇಳಿದ 200 ಸಿಗುವುದು ಅದಕ್ಕೆಂದೇ ಮಾಡಿದ ರೀಡರಿನಲ್ಲಿ, ಸ್ವಿಚ್‌ನಲ್ಲಿ ಅಲ್ಲ. ನಿಂಟೆಂಡೊ ಹೇಳುವುದೇ ಓದುವ ವೇಗ 60ರಿಂದ 95 ಇದ್ದರೆ ಒಳ್ಳೆಯದು ಅಂತ. V30 ಅಂದರೆ ಸತತವಾಗಿ ಬರೆಯುವಾಗ 30 ಎಂಬಿಗಿಂತ ಕೆಳಗಿಳಿಯುವುದಿಲ್ಲ ಎಂಬ ಮಾತು, ಅದು ವಿಡಿಯೊ ತೆಗೆಯುವವರಿಗೆ ಮುಖ್ಯ. ಮಗನಿಗೆ ಬೇಕಾದದ್ದು ಓದುವ ವೇಗ. A2 ಗುರುತಿಗೆ ಜಾಸ್ತಿ ದುಡ್ಡು ಕೊಡಬೇಡಿ, ಅದರ ಲಾಭ ಸಿಗಲು ಸಾಧನವೂ ಅದಕ್ಕೆ ಒಗ್ಗಿರಬೇಕು. ನಾನಾದರೆ U3, A1 ಇರುವ 128 ಅಥವಾ 256 ಜಿಬಿಯ ಅಸಲಿ ಕಾರ್ಡ್ ತರುತ್ತೇನೆ. ತಂದ ದಿನವೇ, ಗೇಮ್ ಹಾಕುವ ಮೊದಲೇ, ಪೂರ್ತಿ ಪರೀಕ್ಷೆ ಮಾಡಿ.

ಉಪ್ಪಳ: ನನ್ನದು ಸ್ವಿಚ್ 2. ಅದಕ್ಕೂ ಇದೇ ಆಗ್ತದಾ?

ಕುಂಬಳೆ: ಇಲ್ಲ ತಮ್ಮ. ಅದರಲ್ಲಿ ಗೇಮ್ ಇಡಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡೇ ಬೇಕು. ಹಳೆಯ ಕಾರ್ಡಿನಿಂದ ಫೋಟೊ, ವಿಡಿಯೊ ಮಾತ್ರ ತೆಗೆದುಕೊಳ್ಳಬಹುದು.

ಬದಿಯಡ್ಕ: ಅಂಗಡಿಗೆ ಹೋಗಿ ಬಂದೆ. ಪ್ಯಾಕೆಟ್ ಒಡೆದದ್ದು ವಾಪಸ್ ಇಲ್ಲ ಅಂದರು. ಪರೀಕ್ಷೆಯ ಫೋಟೊ ತೋರಿಸಿದ ಮೇಲೆ ಮಾಲೀಕರನ್ನು ಕೇಳಿ ಸೋಮವಾರ ಹೇಳುತ್ತಾರಂತೆ.