ಟ್ರೇಸರ್ 50 ನ್ಯಾನೊಮೋಲಾರ್ ಇದ್ದರೆ ಆ ಕೆಡಿಯನ್ನು ನಂಬಬಹುದಾ?

ಪಿಎಚ್‌ಡಿ ವಿದ್ಯಾರ್ಥಿನಿ, ಧಾರವಾಡ: ಫ್ಲೋರೆಸೆನ್ಸ್ ಪೋಲರೈಸೇಶನ್ ಪ್ರಯೋಗ ಮಾಡಿದೆ. ಟ್ರೇಸರ್ ಆಗಿ ಫ್ಲೋರೆಸೀನ್ ಅಂಟಿಸಿದ ಪೆಪ್ಟೈಡ್ 50 ನ್ಯಾನೊಮೋಲಾರ್ ಇಟ್ಟು, ಪ್ರೋಟೀನ್ ಏರಿಸುತ್ತಾ ಹೋದೆ. ಬೆಳಕಿನ ಧ್ರುವೀಕರಣದ ರೀಡಿಂಗ್ 60ರಿಂದ 180 ಎಂಪಿಗೆ, ಅಂದರೆ ಮಿಲಿ-ಪಿಗೆ, ಹೋಯಿತು. ಅರ್ಧ ಏರಿಕೆ 35 ನ್ಯಾನೊಮೋಲಾರ್ ಪ್ರೋಟೀನ್ ಹತ್ತಿರ ಸಿಕ್ಕಿತು. ಇವೆರಡೂ ಎಷ್ಟು ಗಟ್ಟಿಯಾಗಿ ಅಂಟುತ್ತವೆ ಅನ್ನುವುದರ ಅಳತೆಯಾದ ಕೆಡಿ 35 ಅಂತ ಬರೆಯಲಾ?

ಎಂಎಸ್ಸಿ ವಿದ್ಯಾರ್ಥಿ, ಹುಬ್ಬಳ್ಳಿ: ಎಂಪಿಯಲ್ಲಿ ಲೆಕ್ಕ ಹಾಕಬಾರದು ಅಕ್ಕಾ. ಅನೈಸೋಟ್ರಪಿಗೆ ಬದಲಿಸಿ, ಎಲ್ಲ ಸರಿಹೋಗುತ್ತದೆ.

ಬಯೋಫಿಸಿಕ್ಸ್ ಪ್ರಾಧ್ಯಾಪಕಿ, ಧಾರವಾಡ: ಬದಲಿಸುವುದು ಸರಿಯೇ, r = 2P/(3 − P). r ಅಂದರೆ ಅನೈಸೋಟ್ರಪಿ, P ಅಂದರೆ ಎಂಪಿಯನ್ನು 1000ದಿಂದ ಭಾಗಿಸಿದ್ದು. ಆದರೆ ಇಲ್ಲಿ ಅದರಿಂದ ನಡುಬಿಂದು 120ರ ಬದಲು 121 ಎಂಪಿ ಆಗುತ್ತದೆ, ಅಷ್ಟೇ. ತಪ್ಪು ಬೇರೆ ಕಡೆ ಇದೆ.

ನೋಡಮ್ಮಾ, ಅರ್ಧ ಟ್ರೇಸರ್ ಅಂಟಿದೆ ಅಂದರೆ 25 ನ್ಯಾನೊಮೋಲಾರ್ ಅಂಟಿದೆ. ಅದಕ್ಕೆ ಅಷ್ಟೇ ಪ್ರೋಟೀನ್ ಖರ್ಚಾಗಿದೆ. 35ರಲ್ಲಿ 25 ಹೋದರೆ ಬಿಡಿಯಾಗಿ ಉಳಿದದ್ದು 10. ಅರ್ಧ ಟ್ರೇಸರ್ ಅಂಟಿದಾಗ ಬಿಡಿಯಾಗಿ ಉಳಿದ ಪ್ರೋಟೀನಿನ ಸಾಂದ್ರತೆಯೇ ಕೆಡಿ. ಒಂದು ಪ್ರೋಟೀನಿಗೆ ಒಂದೇ ಟ್ರೇಸರ್ ಅಂಟುತ್ತದೆ, ಪ್ರೋಟೀನ್ ಎಲ್ಲ ಸಕ್ರಿಯ ಅಂತ ಇಟ್ಟುಕೊಂಡರೆ ಕೆಡಿ 10ರ ಹತ್ತಿರ. ಟ್ರೇಸರ್ 5ಕ್ಕೆ ಇಳಿಸಿ ಮತ್ತೆ ಮಾಡು. ನಡುಬಿಂದು 12.5ರ ಆಸುಪಾಸಿಗೆ ಸರಿದರೆ ಈ ಲೆಕ್ಕ ನಿಂತಿತು.

ಫಾರ್ಮಸಿ ಉಪನ್ಯಾಸಕ, ಗದಗ: ಮೇಡಂ, ನಾನು 1 ನ್ಯಾನೊಮೋಲಾರ್‌ಗೆ ಇಳಿಸಿದ್ದೆ. ಪ್ರೋಟೀನ್ ಹಾಕದೆಯೇ 150 ಎಂಪಿ ತೋರಿಸಿತು! ನಮ್ಮ ಟ್ರೇಸರ್ ಗಂಟು ಕಟ್ಟಿದೆ ಅನ್ನಿಸುತ್ತದೆ.

ಪ್ರಾಧ್ಯಾಪಕಿ: ಗಂಟು ಕಟ್ಟಿದ್ದರೆ ಸಾಮಾನ್ಯವಾಗಿ ಜಾಸ್ತಿ ಸಾಂದ್ರತೆಯಲ್ಲೇ ಹೆಚ್ಚು ಕಾಣಬೇಕಿತ್ತಲ್ಲ? ಅಷ್ಟು ತೆಳುವಾದಾಗ ಮೊದಲ ಅನುಮಾನ ಬಫರ್ ಮೇಲೆ. ಚದುರಿದ ಬೆಳಕು ತುಂಬ ಧ್ರುವೀಕೃತ. ಟ್ರೇಸರ್ ಮಂದವಾದಷ್ಟೂ ಅದೇ ಎದ್ದು ಕಾಣುತ್ತದೆ. ಪ್ಲೇಟಿನಲ್ಲಿ ಬರೀ ಬಫರ್ ಹಾಕಿದ ಗುಳಿಯ ರೀಡಿಂಗನ್ನು ಸಮಾಂತರ, ಲಂಬ ಚಾನೆಲ್ ಎರಡರಿಂದಲೂ ಬೇರೆ ಬೇರೆ ಕಳೆಯಿರಿ. ಎಂಪಿಯಿಂದ ಎಂಪಿ ಕಳೆಯಬೇಡಿ. ಆಮೇಲೂ ಇಳಿಯದಿದ್ದರೆ ಪೆಪ್ಟೈಡ್ ಪ್ಲೇಟಿಗೆ ಅಂಟುತ್ತಿರಬಹುದು, 0.01 ಶೇಕಡಾ ಟ್ವೀನ್-20 ಡಿಟರ್ಜೆಂಟ್ ಹಾಕಿ ನೋಡಿ.

ವಿದ್ಯಾರ್ಥಿನಿ: ಹಾಗಾದರೆ ನನಗೆ 5 ಸಾಕು ಅಂತ ಹೇಗೆ ಗೊತ್ತಾಗುತ್ತದೆ?

ಪ್ರಾಧ್ಯಾಪಕಿ: ಪ್ರೋಟೀನ್ ಇಲ್ಲದೆ ಸುಮ್ನೆ ಟ್ರೇಸರ್ ಒಂದನ್ನೇ 50ರಿಂದ 1ರವರೆಗೆ ಇಳಿಸುತ್ತಾ ಹೋಗು. ಎಂಪಿ ಒಂದೇ ಮಟ್ಟದಲ್ಲಿ ಇರುತ್ತದೆ, ಒಂದು ಕಡೆ ಕದಲಲು ಶುರುವಾಗುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ, ಒಟ್ಟು ಬೆಳಕು ಬಫರಿನ ಹಲವು ಪಟ್ಟು ಇರುವ ಕಡೆ ನಿಲ್ಲು. ಅದು ಕೆಡಿಗಿಂತ ಕೆಳಗಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಖರ್ಚಾದ ಪ್ರೋಟೀನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ವಾಡ್ರಾಟಿಕ್ ಸಮೀಕರಣವನ್ನೇ ಫಿಟ್ ಮಾಡಬೇಕು.

ಇನ್ನೊಂದು. ಪ್ರೋಟೀನ್ ಏರಿದಂತೆ ಒಟ್ಟು ಬೆಳಕು ಇಳಿಯಿತಾ?

ವಿದ್ಯಾರ್ಥಿನಿ: ನೋಡಿಲ್ಲ ಮೇಡಂ. ಫೈಲಿನಲ್ಲಿ ಎಂಪಿ ಮಾತ್ರ ಸೇವ್ ಆಗಿದೆ.

ಪ್ರಾಧ್ಯಾಪಕಿ: ಎರಡೂ ಚಾನೆಲ್ ಇಟ್ಟುಕೊಳ್ಳಲೇಬೇಕು. ಅಂಟಿದ ಟ್ರೇಸರಿನ ಹೊಳಪು ಅರ್ಧಕ್ಕೆ ಇಳಿದಿದ್ದರೆ, ಅನೈಸೋಟ್ರಪಿಯ ನಡುಬಿಂದುವಿನಲ್ಲಿ ಅಂಟಿರುವುದು ಅರ್ಧವಲ್ಲ, ಮೂರರಲ್ಲಿ ಎರಡು ಪಾಲು. ಆಗ ನಾನು ಮೇಲೆ ಹೇಳಿದ 10 ಕೂಡ ನಿಲ್ಲುವುದಿಲ್ಲ.