ಅಳತೆ ಗೊತ್ತಿಲ್ಲದ ಮದುಮಗಳಿಗೆ ಕಾಲುಂಗುರ, ವಂಕಿ

ಪ್ರಶ್ನೆ: ತಮ್ಮನ ಮದುವೆ ಇದೆ. ಹುಡುಗಿ ಪುಣೆಯಲ್ಲಿದ್ದಾಳೆ. ಕಾಲುಂಗುರ, ವಂಕಿ ಎರಡೂ ನಾವೇ ತರಬೇಕು. ಅಳತೆ ಹೇಗೆ ತಗೊಳ್ಳೋದು? ಬಾಯಿ ಬಿಟ್ಟ ಡಿಸೈನ್ ತಗೊಂಡರೆ ಸಾಕಾ?

ಬೆಳ್ಳಿ ಅಂಗಡಿಯಲ್ಲಿ ಕೆಲಸ ಮಾಡುವವರು: ಕಾಲುಂಗುರಕ್ಕೆ ಬಾಯಿ ಬಿಟ್ಟದ್ದೇ ತಗೊಳ್ಳಿ. ಆದರೂ ಅಂದಾಜು ಅಳತೆ ಬೇಕು. ಸಂಜೆ ಹೊತ್ತು, ಪಾದ ನೆಲಕ್ಕೆ ಊರಿ ನಿಂತಾಗ, ಎರಡನೇ ಬೆರಳಿನ ಬುಡಕ್ಕೆ ಸಣ್ಣ ಕಾಗದದ ಪಟ್ಟಿ ಸುತ್ತಿ ಗುರುತು ಹಾಕಲು ಹೇಳಿ. ಬೆಳಿಗ್ಗೆಗಿಂತ ಸಂಜೆ ಬೆರಳು ಸ್ವಲ್ಪ ಊದಿರುತ್ತದೆ. ಎರಡೂ ಕಾಲಿನದು ಬೇರೆ ಬೇರೆ ಅಳೆಯಲಿ. ಬಲದ್ದು 46 ಮಿ.ಮೀ., ಎಡದ್ದು 48 ಬಂತು ಅಂದುಕೊಳ್ಳಿ. ಬಾಯಿ ಮುಚ್ಚಿದಾಗ ಒಳಸುತ್ತು 45 ಇರುವ ಜೋಡಿ ಸಾಕು. ಒಂದರಲ್ಲಿ 1, ಇನ್ನೊಂದರಲ್ಲಿ 3 ಮಿ.ಮೀ. ಬಾಯಿ ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ಬಿಟ್ಟರೆ ತುದಿ ಸೀರೆಯ ಅಂಚಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ತುದಿ ದುಂಡಗಿದೆಯಾ ಅಂತ ಬೆರಳಾಡಿಸಿ ನೋಡಿ.

ದಾವಣಗೆರೆಯಿಂದ ಒಬ್ಬರು: ಅಷ್ಟೆಲ್ಲ ಯಾಕೆ? ಒಂದು ಸೈಜ್ ದೊಡ್ಡದು ತಂದು, ಕೆಳಗಡೆ ದಾರ ಸುತ್ತಿ. ನಮ್ಮಲ್ಲಿ ಹಾಗೇ ಮಾಡುತ್ತೇವೆ.

ಅಂಗಡಿಯವರು: ಧಾರೆಯ ದಿನಕ್ಕೆ ನಡೆಯುತ್ತೆ. ಆದರೆ ದಿನಾ ಹಾಕುವವರಿಗೆ ಒದ್ದೆ ದಾರ ಬೆರಳ ಸಂದಿಯಲ್ಲೇ ಇರುತ್ತದೆ, ಚರ್ಮ ಕೆರೆಯಲು ಶುರುವಾಗುತ್ತದೆ. ಮದುವೆ ಮುಗಿದ ಮೇಲೆ ಬಿಚ್ಚಿ, ಅಳತೆಗೆ ಒತ್ತಿಸಿಕೊಳ್ಳಿ. ಪದೇಪದೇ ಹಿಗ್ಗಿಸಿ ಒತ್ತಿದರೆ ಬೆಳ್ಳಿ ಗಡುಸಾಗಿ, ಮಡಚಿದ ಜಾಗದಲ್ಲೇ ಬಿರುಕು ಬಿಡುತ್ತದೆ. ಕಲ್ಲಿನ ಉಂಗುರವಾದರೆ ಕಲ್ಲಿನ ಹತ್ತಿರ ಒತ್ತಲೇಬೇಡಿ, ಕಲ್ಲು ಸಡಿಲವಾಗುತ್ತದೆ.

ಮಂಗಳೂರಿನ ಅಮ್ಮ: ನನ್ನದು ಮುಚ್ಚಿದ ಸುತ್ತಿನ ಉಂಗುರ. ಬಸುರಿಯಾಗಿದ್ದಾಗ ಕಾಲು ಊದಿ ತೆಗೆಯಲಾಗದೆ ಕತ್ತರಿಸಬೇಕಾಯಿತು. ಈಗ ಬಾಯಿ ಬಿಟ್ಟದ್ದೇ. ಗೆಜ್ಜೆ ಬೇಕಿದ್ದರೆ ಕೊಂಡಿ ಇರುವುದನ್ನು ತಗೊಳ್ಳಿ.

ಕೇಳಿದವರು: ಗೆಜ್ಜೆ ಅಲ್ಲ ಅಮ್ಮ, ವಂಕಿ.

ಮದುಮಗಳ ಅಲಂಕಾರ ಮಾಡುವವರು: ವಂಕಿಗೆ ಕೈ ಇಳಿಬಿಟ್ಟಾಗಲೂ, ಮೊಣಕೈ ಮಡಚಿ ಮುಷ್ಟಿ ಹಿಡಿದಾಗಲೂ ತೋಳು ಅಳೆಯಿರಿ. 26 ಸೆಂ.ಮೀ. ಇದ್ದದ್ದು 28 ಆಗಬಹುದು. ದೊಡ್ಡ ಅಳತೆಗೇ ಹೊಂದಬೇಕು, ಇಲ್ಲದಿದ್ದರೆ ಧಾರೆಯಲ್ಲಿ ಕೈ ಎತ್ತಿದಾಗ ತೋಳು ಕಚ್ಚುತ್ತದೆ. ರವಿಕೆಯ ತೋಳಿನ ಮೇಲೆ ಹಾಕುವುದಾದರೆ, ರವಿಕೆ ತೊಟ್ಟೇ ಅಳೆಯಿರಿ. ಒನ್ ಗ್ರಾಂ ಗೋಲ್ಡ್‌ನ ಗಟ್ಟಿ ವಂಕಿಯನ್ನು ಮದುವೆ ಮನೆಯಲ್ಲಿ ಬಗ್ಗಿಸಬೇಡಿ, ಬಗ್ಗಿದ ಕಡೆ ಚಿನ್ನದ ಲೇಪ ಕಿತ್ತು ಬರುತ್ತದೆ. ಅಳತೆ ಖಚಿತವಿಲ್ಲ ಅಂದರೆ ಹಿಂದೆ ದಾರ ಕಟ್ಟುವ ವಂಕಿಯೇ ಸರಿ.

ದಾವಣಗೆರೆಯವರು: ದಾರದ್ದು ಜಾರಲ್ವಾ? ನನ್ನ ತಂಗಿಯದು ಊಟದ ಹೊತ್ತಿಗೆ ಮೊಣಕೈಗೆ ಬಂದಿತ್ತು.

ಅಲಂಕಾರದವರು: ರೇಷ್ಮೆ ದಾರ ಜಾರುತ್ತೆ. ಹತ್ತಿಯದು ಕಡಿಮೆ. ತೆಳ್ಳಗಿನ ತೋಳಿಗೆ ನಾನು ರವಿಕೆಗೆ ಎರಡು ಹೊಲಿಗೆ ಹಾಕಿಬಿಡುತ್ತೇನೆ. ತೋಳಿಲ್ಲದ ರವಿಕೆಯಾದರೆ ಅದೂ ಆಗಲ್ಲ.

ಕೇಳಿದವರು: ಅವಳದು ತೋಳಿಲ್ಲದ್ದೇ! ತಿರುಪು ಇರುವ ವಂಕಿ ಹಾಕಿದವರು ಯಾರಾದರೂ ಇದ್ದೀರಾ?