ಮೊಹರಿನ ಅಡಿಯಲ್ಲಿ ಸಿಕ್ಕಿಕೊಂಡ ಅಂಕಿ: 1968-69ರ ಕೈಬರಹದ ಪಹಣಿ

ಹೊಲದಂಚು: ನಮ್ಮ ಅಜ್ಜನವರ ಜಮೀನಿನ ಹಳೆಯ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ೪-೦೬, ಖರಾಬು ೦-೦೮ ಎಂದು ಸ್ಪಷ್ಟವಾಗಿದೆ. ಉಳಿದ ವಿಸ್ತೀರ್ಣದ ಮೇಲೆ ನೇರಳೆ ಬಣ್ಣದ ದುಂಡು ಮೊಹರು ಬಿದ್ದಿರುವುದರಿಂದ ಅದು ೩-೨೮ ಆಗಿದೆಯೋ ೩-೩೮ ಆಗಿದೆಯೋ ತಿಳಿಯುತ್ತಿಲ್ಲ. ಕಳೆದರೆ 3.98 ಬರುತ್ತದೆ, ಅದು ಎರಡಕ್ಕೂ ಹೊಂದುವುದಿಲ್ಲ. ಹತ್ತನೆಯ ಕಾಲಂನಲ್ಲಿಯೂ ಮೊದಲ ಅಕ್ಷರ ಮುಚ್ಚಿಹೋಗಿ ‘…ಆರ್. ೧೪/೬೮-೬೯’ ಎಂಬಷ್ಟೇ ಕಾಣುತ್ತದೆ.

ಬೆಳಕುಕಿಂಡಿ: ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕೆಂಪು ಚಾನೆಲ್ ಬೇರ್ಪಡಿಸಿ ನೋಡಿ, ನೇರಳೆ ಮೊಹರು ಮಾಯವಾಗುತ್ತದೆ.

ಹಳೆದಫ್ತರ: ನೀಲಿ ಶಾಯಿಯ ಬರಹವಾಗಿದ್ದರೆ ಆ ಸಲಹೆ ಸರಿ. ಆದರೆ ಆ ಕಾಲದ ನೀಲಿಗಪ್ಪು ಶಾಯಿ ಎಷ್ಟೋ ಕಡತಗಳಲ್ಲಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಮತ್ತು ಕೆಂಪು ಚಾನೆಲ್‌ನಲ್ಲಿ ಮೊಹರಿನ ಜೊತೆಗೆ ಕಂದು ಬರಹವೂ ಮಸುಕಾಗಿಬಿಡುತ್ತದೆ. ಕಂದು ಶಾಯಿ ನೀಲಿ ಬೆಳಕನ್ನು ಹೀರುತ್ತದೆ, ನೇರಳೆ ಮೊಹರು ಅದನ್ನು ಬಹುಮಟ್ಟಿಗೆ ಹಿಂತಿರುಗಿಸುತ್ತದೆ. ಆದ್ದರಿಂದ ಇಲ್ಲಿ ಬೇಕಾದದ್ದು ನೀಲಿ ಚಾನೆಲ್. 600 ಡಿಪಿಐನಲ್ಲಿ ಟಿಫ್ ಆಗಿ ಸ್ಕ್ಯಾನ್ ಮಾಡಿಕೊಂಡು ಇಮೇಜ್‌ಮ್ಯಾಜಿಕ್ ತಂತ್ರಾಂಶದಲ್ಲಿ ಹೀಗೆ ಮಾಡಿ:

```
magick pahani.tif -channel B -separate b.tif
```

ಕಪ್ಪು-ಬಿಳುಪು ಜೆರಾಕ್ಸ್‌ನಿಂದ ಇದು ಸಾಧ್ಯವಿಲ್ಲ, ಏಕೆಂದರೆ ಅದರಲ್ಲಿ ಬಣ್ಣದ ವ್ಯತ್ಯಾಸವೇ ಉಳಿದಿರುವುದಿಲ್ಲ.

ಇನ್ನು ನಿಮ್ಮ ಲೆಕ್ಕದ ವಿಚಾರ. ೪-೦೬ ಎಂಬುದು ದಶಮಾಂಶವಲ್ಲ, ನಾಲ್ಕು ಎಕರೆ ಆರು ಗುಂಟೆ. ಎಕರೆಗೆ 40 ಗುಂಟೆಯಂತೆ ಒಟ್ಟು 166 ಗುಂಟೆಯಾಗುತ್ತದೆ, ಅದರಲ್ಲಿ 8 ಕಳೆದರೆ 158, ಅಂದರೆ 3 ಎಕರೆ 38 ಗುಂಟೆ. ೩-೨೮ ಆಗಬೇಕಿದ್ದರೆ ಖರಾಬು 18 ಗುಂಟೆ ಇರಬೇಕಿತ್ತು.

ತೆಂಗಿನತೋಟ: ನನ್ನ ಕ್ರಯಪತ್ರದಲ್ಲಿಯೂ ಇದೇ ಗೋಳು. ‘ಕೋಂ’ ಎಂಬುದರ ಮೇಲೆ ಮೊಹರು ಬಿದ್ದು ನಾನು ‘ಬಿನ್’ ಎಂದು ಓದಿ, ಹೆಂಡತಿಯನ್ನು ಮಗನೆಂದು ವಂಶವೃಕ್ಷದಲ್ಲಿ ಬರೆದುಬಿಟ್ಟಿದ್ದೆ! ಫೋಟೋದಲ್ಲಿ ಮೊಹರನ್ನು ಅಳಿಸಿ ಅರ್ಜಿಯ ಜೊತೆ ಕೊಡಬಹುದೇ?

ಹಳೆದಫ್ತರ: ದಯವಿಟ್ಟು ಹಾಗೆ ಮಾಡಬೇಡಿ. ಬೇರ್ಪಡಿಸಿದ ಚಿತ್ರ ನಿಮ್ಮ ಓದಿಗೆ ಮಾತ್ರ. ಮೊಹರಿಲ್ಲದ ದಾಖಲೆ ತಿದ್ದಿದ ದಾಖಲೆಯೆಂದೇ ಅನುಮಾನಕ್ಕೆ ಗುರಿಯಾಗುತ್ತದೆ.

ಹೊಲದಂಚು: ನೀಲಿ ಚಾನೆಲ್‌ನಲ್ಲಿ ಅಂಕಿಯ ನಡುವಿನ ಮಡಿಕೆ ಮಸುಕಾಗಿ ಮೂಡಿದೆ, ಆದ್ದರಿಂದ ಅದು ೩ ಎಂದೇ ತೋರುತ್ತದೆ. ಹತ್ತನೆಯ ಕಾಲಂನ ಅಕ್ಷರ ಮಾತ್ರ ಈಗಲೂ ಕಾಣುತ್ತಿಲ್ಲ. ಅದು ಮ್ಯುಟೇಶನ್ ವಹಿಯ ಎಂ.ಆರ್. ಇರಬಹುದೇ, ಹಕ್ಕು ದಾಖಲೆಯ ಆರ್.ಆರ್. ಇರಬಹುದೇ?

ಹಳೆದಫ್ತರ: ಸಂಖ್ಯೆಯ ಪಕ್ಕದಲ್ಲಿ ವರ್ಷವಿರುವುದರಿಂದ ನಾನು ಎಂ.ಆರ್. ಎಂದೇ ಓದುತ್ತೇನೆ. ಆದರೂ ಅದು ನನ್ನ ಊಹೆ. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ 1968-69ರ ಮ್ಯುಟೇಶನ್ ವಹಿಯ 14ನೆಯ ನಮೂದಿನ ದೃಢೀಕೃತ ನಕಲು ಕೇಳಿ. ಅದರಲ್ಲಿ ನಿಮ್ಮದೇ ಸರ್ವೆ ನಂಬರ್ ಇದ್ದರೆ ಸರಿ, ಇಲ್ಲದಿದ್ದರೆ ಮತ್ತೆ ಇಲ್ಲಿ ಬರೆಯಿರಿ.